ಗವಿಯ ಗೋಡೆಯ ಹಳೇ ಚಿತ್ರಕ್ಕೆ ವಾರ್ನಿಷ್ ಹೊಡೆಯಬಹುದಾ?

ಪ್ರಶ್ನೆ: "ನಮ್ಮದು ತೀರ್ಥಹಳ್ಳಿ ತಾಲ್ಲೂಕು. ತೋಟದ ಮೇಲಿನ ಗುಡ್ಡದಲ್ಲಿ ಜಂಬಿಟ್ಟಿಗೆ ಕಡಿದು ಮಾಡಿದ ಹಳೇ ಗವಿ ಇದೆ, ಒಳಗೆ ದೇವರ ಕಲ್ಲು. ಗೋಡೆಗೆ ಮಣ್ಣು ಮೆತ್ತಿ, ಮೇಲೆ ಸುಣ್ಣ ಬಳಿದು, ಕೆಂಪು ಕಪ್ಪಿನಲ್ಲಿ ಬಳ್ಳಿ, ಆನೆ, ಒಂದು ಮುಖ ಬರೆದಿದ್ದಾರೆ. ಯಾವ ಕಾಲದ್ದೋ ಅಜ್ಜನಿಗೂ ಗೊತ್ತಿರಲಿಲ್ಲ. ಈಚೆಗೆ ಮಳೆಗಾಲ ಮುಗಿದಾಗೆಲ್ಲ ಪುಡಿಪುಡಿಯಾಗಿ ಉದುರುತ್ತದೆ, ಬುಡದಲ್ಲಿ ಬಿಳಿ ಹತ್ತಿಯ ಥರ ಏನೋ ಬಂದಿದೆ. ತಮ್ಮ ವಾರ್ನಿಷ್ ಹೊಡೆಯೋಣ ಅಂತಾನೆ, ಚಿಕ್ಕಪ್ಪ ಉದುರಿದ ಕಡೆ ಸಿಮೆಂಟ್ ಹಾಕಿಸೋಣ ಅಂತಾರೆ. ಮಗಳು ಚಿತ್ರಕಲೆ ಓದುತ್ತಿದ್ದಾಳೆ, ಅಜಂತಾ ಥರ ಮತ್ತೆ ಬರೆಯುತ್ತೇನೆ ಅಂತ ಕೂತಿದ್ದಾಳೆ. ಹೋದ ವರ್ಷ ಅಜಂತಾ ನೋಡಿ ಬಂದೆವು. ಅಲ್ಲಿ ಅಷ್ಟು ವರ್ಷ ಉಳಿದಿದ್ದು ನಮ್ಮಲ್ಲಿ ಯಾಕೆ ಉಳಿಯಲ್ಲ? ಯಾವುದೋ ಗಿಡದ ರಸ ಹಾಕುತ್ತಿದ್ದರಂತೆ, ಹೌದಾ?"

ಉತ್ತರ: ಮೊದಲು ತಮ್ಮನ ಕೈಯಿಂದ ವಾರ್ನಿಷ್ ಡಬ್ಬಿ ಇಸ್ಕೊಂಡು ಅಟ್ಟದ ಮೇಲಿಡಿ. ಸಿಮೆಂಟ್ ಚೀಲ ಬಂದಿದ್ದರೆ ಅದನ್ನು ದನದ ಕೊಟ್ಟಿಗೆಯ ನೆಲಕ್ಕೆ ಬಳಸಿ. ಉಳಿದದ್ದನ್ನು ನಿಧಾನಕ್ಕೆ ಮಾತಾಡೋಣ, ಅವಸರ ಇಲ್ಲ. ಹಳೇ ಗೋಡೆ ಚಿತ್ರಗಳನ್ನು ಉಳಿಸುವ ಕೆಲಸದಲ್ಲೇ ತಲೆಗೂದಲು ಬೆಳ್ಳಗಾದವನು ನಾನು. ಒಳ್ಳೇ ಮನಸ್ಸಿನಿಂದ ಅವಸರ ಮಾಡಿದವರಿಂದ ಹಾಳಾದಷ್ಟು ಚಿತ್ರ ಮಳೆಯಿಂದಲೂ ಹಾಳಾಗಿದ್ದು ನೋಡಿಲ್ಲ.

ಗಿಡದ ರಸದ ಮಾತು ಹೋದ ಕಡೆಯೆಲ್ಲ ಕೇಳುತ್ತೇನೆ. ಗೈಡುಗಳೂ ಹೇಳುತ್ತಾರೆ, ಕೇಳಲು ಚೆನ್ನಾಗಿರುತ್ತದೆ. ಆದರೆ ಅಜಂತಾದ ಬಣ್ಣಗಳು ಹೆಚ್ಚು ಕಡಿಮೆ ಎಲ್ಲವೂ ಮಣ್ಣು ಮತ್ತು ಕಲ್ಲು. ಕೆಂಪು ಅಂದರೆ ಕೆಮ್ಮಣ್ಣು, ಹಳದಿ ಅಂದರೆ ಹಳದಿ ಮಣ್ಣು. ಎರಡರಲ್ಲೂ ಇರುವುದು ಕಬ್ಬಿಣದ ತುಕ್ಕೇ. ಹಳದಿ ಮಣ್ಣಿನಲ್ಲಿ ಆ ತುಕ್ಕಿನ ಜೊತೆ ನೀರಿನಂಶ ಸೇರಿಕೊಂಡಿರುತ್ತದೆ, ಚೆನ್ನಾಗಿ ಹುರಿದರೆ ಅದು ಬಿಟ್ಟುಹೋಗಿ ಕೆಂಪಾಗುತ್ತದೆ. ಹಸಿರು ಅಲ್ಲಿನದೇ ಕಲ್ಲಿನದು. ಅಜಂತಾದ ಬೆಟ್ಟ ಲಾವಾ ಆರಿ ಆದ ಕಪ್ಪು ಬಸಾಲ್ಟ್ ಕಲ್ಲು, ಅದರ ಪೊಟರೆಗಳಲ್ಲಿ ಹಸಿರು ಮಣ್ಣಿನಂಥ ಖನಿಜ ಸಿಗುತ್ತದೆ. ಬಿಳಿಗೆ ಸುಣ್ಣ, ಬಿಳಿ ಜೇಡಿ, ಜಿಪ್ಸಂ. ಕಪ್ಪು ಮಾತ್ರ ದೀಪದ ಕಾಡಿಗೆ, ಅದು ಬರೀ ಇಂಗಾಲ. ನೀಲಿಯೊಂದೇ ದೂರದಿಂದ ಬಂದದ್ದು. ಅದು ಲಾಜವರ್ದಿ ಕಲ್ಲು, ಈಗಿನ ಅಫ್ಘಾನಿಸ್ತಾನದ ಬದಖ್ಶಾನ್ ಕಡೆಯದು. ಅದಕ್ಕೇ 9 ಮತ್ತು 10ನೇ ಗುಹೆಯ ತೀರಾ ಹಳೆಯ ಚಿತ್ರಗಳಲ್ಲಿ, ಅಂದರೆ ಕ್ರಿಸ್ತನಿಗಿಂತ ಮುಂಚಿನ ಪದರದಲ್ಲಿ, ಆ ನೀಲಿ ಇಲ್ಲ. ವಾಕಾಟಕ ಅರಸರ ಕಾಲದ, 5ನೇ ಶತಮಾನದ 1, 2, 16, 17ನೇ ಗುಹೆಗಳ ಕಾಲಕ್ಕೆ ಅದು ಬಂತು.

ಗಿಡದ ಬಣ್ಣ ಬಿಸಿಲಿಗೆ ಎಷ್ಟು ಹೊತ್ತು ತಡೆಯುತ್ತದೆ ಅಂತ ನಿಮ್ಮ ಮನೆಯಲ್ಲೇ ಗೊತ್ತು. ಅರಿಶಿನದ ಕಲೆ ಆದ ಬಟ್ಟೆಯನ್ನು ಬಿಸಿಲಿಗೆ ಹಾಕಿದರೆ ಸಂಜೆಗೆ ಅರ್ಧ ಹೋಗಿರುತ್ತದೆ, ಅಲ್ವಾ? ಬೆಳಕು ಆ ಬಣ್ಣದ ಕಣವನ್ನೇ ಮುರಿಯುತ್ತದೆ. ಕೆಮ್ಮಣ್ಣಿಗೆ ಬೆಳಕು ಏನೂ ಮಾಡಲಾರದು. ಅದು ಆಗಲೇ ತುಕ್ಕು ಹಿಡಿದು ಮುಗಿದಿದೆ, ಇನ್ನು ಹಾಳಾಗಲು ಏನೂ ಉಳಿದಿಲ್ಲ. ನಿಮ್ಮ ಗವಿಯ ಆನೆಯ ಕೆಂಪು ಮಂಕಾಗಿ ಕಂಡರೆ ಬಣ್ಣ ಮಾಸಿದೆ ಅಂದುಕೊಳ್ಳಬೇಡಿ. ಮೇಲೆ ಉಪ್ಪಿನದೋ ಧೂಳಿನದೋ ತೆಳು ಪರೆ ಕೂತಿರಬಹುದು, ಇಲ್ಲವೇ ಬಣ್ಣದ ಪುಡಿ ಹಿಡಿತ ಬಿಟ್ಟು ಉದುರಿರಬಹುದು.

ಹಾಗಾಗಿ ಇಂಥ ಚಿತ್ರ ನೋಡುವಾಗ ನಾನು ಬಣ್ಣಕ್ಕಿಂತ ಮೊದಲು ಅದರ ಹಿಂದಿನ ಪದರಗಳನ್ನು ನೋಡುತ್ತೇನೆ. ಅಜಂತಾದವರು ಗೋಡೆಯನ್ನು ಹೇಗೆ ಸಿದ್ಧ ಮಾಡಿದರು ಅಂತ ತಿಳಿದರೆ ನಿಮ್ಮ ಗವಿಯಲ್ಲಿ ಏನಾಗುತ್ತಿದೆ ಅನ್ನುವುದೂ ಅರ್ಧ ತಿಳಿದ ಹಾಗೆ.

ಗುಹೆ ಕೊರೆದವರು ಚಿತ್ರ ಬರೆಯುವ ಗೋಡೆಯನ್ನು ನಯ ಮಾಡುತ್ತಿರಲಿಲ್ಲ. ಉಳಿಯ ಗುರುತು ಹಾಗೇ ಬಿಡುತ್ತಿದ್ದರು. ಒರಟು ಇದ್ದಷ್ಟೂ ಮಣ್ಣು ಹಿಡಿದು ನಿಲ್ಲುತ್ತದೆ. ಅದರ ಮೇಲೆ ಮೊದಲ ಪದರ, ಒರಟು ಗಿಲಾವು. ಅಲ್ಲಿನದೇ ಕಬ್ಬಿಣದಂಶದ ಮಣ್ಣಿಗೆ ಮರಳು, ಕಲ್ಲಿನ ಪುಡಿ, ಹುಲ್ಲಿನ ನಾರು, ಭತ್ತದ ಹೊಟ್ಟು ಸೇರಿಸಿ ಕಲಸಿ ಮೆತ್ತಿದ್ದು. ಗಿಲಾವು ಕಿತ್ತುಬಂದ ಕಡೆ ಅಂಚಿಗೆ ಟಾರ್ಚ್ ಹಿಡಿದು ನೋಡಿದರೆ ಹೊಟ್ಟಿನ ಅಚ್ಚು, ಹುಲ್ಲಿನ ತುಂಡು ಕಣ್ಣಿಗೇ ಕಾಣುತ್ತವೆ. ನಾರು ಯಾಕೆ ಅಂದರೆ, ಜೇಡಿಮಣ್ಣು ಒಣಗುವಾಗ ಕುಗ್ಗುತ್ತದೆ, ಕುಗ್ಗಿದರೆ ಬಿರಿಯುತ್ತದೆ. ನಾರು ಆ ಎಳೆತವನ್ನು ಹಂಚಿಬಿಡುತ್ತದೆ. ಒಂದು ದೊಡ್ಡ ಬಿರುಕಿನ ಬದಲು ಕಣ್ಣಿಗೆ ಕಾಣದ ಸಾವಿರ ಸಣ್ಣ ಬಿರುಕಾಗುತ್ತದೆ, ಪದರ ಬೀಳುವುದಿಲ್ಲ. ಮರಳೂ ಅದೇ ಕೆಲಸಕ್ಕೆ, ಕುಗ್ಗದ ವಸ್ತು ಜಾಸ್ತಿ ಇರಲಿ ಅಂತ.

ಅದು ಒಣಗಿದ ಮೇಲೆ ಎರಡನೇ ಪದರ. ಅದೇ ಥರದ ಮಣ್ಣು, ಆದರೆ ಜರಡಿ ಹಿಡಿದದ್ದು, ನಾರೂ ನಯವಾದದ್ದು. ಕೊನೆಗೆ ಸುಣ್ಣದ ತೆಳು ಲೇಪ, ಮೊಟ್ಟೆಯ ಚಿಪ್ಪಿನಷ್ಟು ದಪ್ಪ. ಬಣ್ಣ ಕೂರುವುದು ಆ ಚಿಪ್ಪಿನ ಮೇಲೆ. ಮೊದಲು ಕೆಂಪಿನಲ್ಲಿ ಇಡೀ ಚಿತ್ರದ ಗೆರೆ ಎಳೆದುಕೊಂಡು, ಒಳಗೆ ಬಣ್ಣ ತುಂಬಿ, ಕೊನೆಗೆ ಕಂದು ಅಥವಾ ಕಪ್ಪಿನಲ್ಲಿ ಮತ್ತೆ ಗೆರೆ ತಿದ್ದುತ್ತಿದ್ದರು. ಕೆಲವು ಕಡೆ ಮೇಲಿನ ಬಣ್ಣ ಉದುರಿ ಕೆಳಗಿನ ಮೊದಲ ಗೆರೆ ಕಾಣುತ್ತದೆ. ಮೊದಲು ಒಂದು ಕಡೆ ಎಳೆದ ಕೈ ಆಮೇಲೆ ಸ್ವಲ್ಪ ಸರಿದಿರುವುದೂ ಗೊತ್ತಾಗುತ್ತದೆ. ನಿಮ್ಮ ಮಗಳಿಗೆ ಇದು ಇಷ್ಟ ಆಗಬಹುದು.

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಅಜಂತಾದ ಚಿತ್ರಗಳನ್ನು ಫ್ರೆಸ್ಕೋ ಅಂತ ಎಲ್ಲರೂ ಬರೆಯುತ್ತಾರೆ. ಇಟಲಿಯವರ ನಿಜವಾದ ಫ್ರೆಸ್ಕೋದಲ್ಲಿ ಸುಣ್ಣದ ಗಾರೆ ಹಸಿ ಇದ್ದಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚುತ್ತಾರೆ. ಸುಣ್ಣ ಒಣಗುತ್ತಾ ಗಾಳಿಯ ಇಂಗಾಲದ ಡೈ ಆಕ್ಸೈಡ್ ಹೀರಿಕೊಂಡು ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ, ಬಣ್ಣದ ಕಣ ಆ ಕಲ್ಲಿನೊಳಗೆ ಸಿಕ್ಕಿಬೀಳುತ್ತದೆ. ಬೇರೆ ಅಂಟು ಬೇಕಿಲ್ಲ. ಅಜಂತಾದಲ್ಲಿ ಒಣಗಿದ ಗೋಡೆಯ ಮೇಲೆ ಅಂಟು ಬೆರೆಸಿದ ಬಣ್ಣದಲ್ಲಿ ಬರೆದರು. ಅಂದರೆ ಅಲ್ಲಿ ಬಣ್ಣವನ್ನು ಹಿಡಿದಿರುವುದು ಕಲ್ಲಲ್ಲ, ಅಂಟು. ಅಂಟಿಗೆ ನೀರು ಆಗದು. ಹುಳಕ್ಕೆ ಅದು ಊಟ. ಒದ್ದೆ ಹತ್ತಿಯಲ್ಲಿ ಒರೆಸಿದರೆ ಬಣ್ಣ ಎದ್ದು ಬರುತ್ತದೆ. ದಯವಿಟ್ಟು ನಿಮ್ಮ ಗವಿಯಲ್ಲಿ ಒರೆಸಿ ನೋಡಬೇಡಿ. ಅಲ್ಲೂ ಸುಣ್ಣ ಒಣಗಿದ ಮೇಲೇ ಅಂಟಿನಲ್ಲಿ ಬರೆದದ್ದು ಅಂತಲೇ ಇಟ್ಟುಕೊಂಡು ನಡೆಯುವುದು ಕ್ಷೇಮ.

ಇಷ್ಟು ನಾಜೂಕಾದದ್ದು ಒಂದೂವರೆ ಸಾವಿರ ವರ್ಷ ಹೇಗೆ ಉಳಿಯಿತು? ಮೊದಲನೆಯದಾಗಿ, ಬಹುಪಾಲು ಉಳಿದೇ ಇಲ್ಲ. ಅಲ್ಲಿ 30ರಷ್ಟು ಗುಹೆಗಳಿವೆ, ನಿಂತು ನೋಡುವಂಥ ಚಿತ್ರ ಇರುವುದು ಕೆಲವೇ ಕೆಲವುಗಳಲ್ಲಿ. ಆ ಗುಹೆಗಳಲ್ಲೂ ಗೋಡೆಯ ಕೆಳಭಾಗ ಹೆಚ್ಚಿನ ಕಡೆ ಹೋಗಿದೆ, ಮೇಲ್ಭಾಗ ಮತ್ತು ಛಾವಣಿಯದ್ದು ಚೆನ್ನಾಗಿದೆ. ಕೆಳಗೆ ಕೈ ತಾಗುತ್ತದೆ, ಬೆನ್ನು ಒರಗುತ್ತದೆ, ನೆಲದ ತೇವ ಏರುತ್ತದೆ. ಉಳಿದದ್ದಕ್ಕೆ ಕಾರಣ ಮೂರು. ಬಸಾಲ್ಟ್ ಗಟ್ಟಿ ಕಲ್ಲು, ಬಿರುಕು ಇರುವಲ್ಲಿ ನೀರು ಬರುತ್ತದೆ, ಇಲ್ಲದಲ್ಲಿ ಕಲ್ಲು ನೀರು ಕುಡಿಯುವುದಿಲ್ಲ. ಗುಹೆಗಳು ಆಳವಾಗಿವೆ, ಒಳಗಿನ ಗೋಡೆಗೆ ಬಿಸಿಲು, ಇರಚಲು ತಾಗುವುದಿಲ್ಲ, ಬಿಸಿ ತಂಪು ಒಮ್ಮೆಲೇ ಬದಲಾಗುವುದಿಲ್ಲ. ಮೂರನೆಯದು, ಜನ ಬಿಟ್ಟುಹೋದರು. 1819ರಲ್ಲಿ ಹುಲಿ ಬೇಟೆಗೆ ಬಂದ ಬ್ರಿಟಿಷ್ ಅಧಿಕಾರಿ ಜಾನ್ ಸ್ಮಿತ್ ಕಂಡು ಹೇಳುವವರೆಗೆ ಹೊರಗಿನವರು ಅಷ್ಟಾಗಿ ಹೋಗಲಿಲ್ಲ. ಆ ಮಹರಾಯ 10ನೇ ಗುಹೆಯಲ್ಲಿ ಚಿತ್ರದ ಮೇಲೇ ತನ್ನ ಹೆಸರು ಕೆತ್ತಿದ. ಇವತ್ತು ಅದು ನಮ್ಮ ತಲೆಗಿಂತ ಎತ್ತರದಲ್ಲಿದೆ. ಆಗ ನೆಲದ ಮೇಲೆ ಅಷ್ಟು ಕಸ ಕಲ್ಲು ತುಂಬಿತ್ತು.

ಬಾದಾಮಿ ಜೊತೆ ಹೋಲಿಸಿದರೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಮಂಗಳೇಶನ ಶಾಸನ ಇರುವ ಅಲ್ಲಿನ 3ನೇ ಗುಹೆ 578ರದ್ದು, ಅಜಂತಾದ ಒಳ್ಳೆ ಚಿತ್ರಗಳಿಗಿಂತ ಸುಮಾರು ನೂರು ವರ್ಷ ಈಚಿನದು. ಅಲ್ಲೂ ಚಿತ್ರ ಇತ್ತು. ಈಗ ಉಳಿದಿರುವುದು ಮುಂಭಾಗದ ಬಾಗಿದ ಸೂರಿನ ಕೆಳಮೈಯಲ್ಲಿ ಒಂದಷ್ಟು ತುಣುಕು, ಅದೂ ಕತ್ತೆತ್ತಿ ಹುಡುಕಬೇಕು. ಅಲ್ಲಿಯ ಕಲ್ಲು ಮರಳುಗಲ್ಲು, ನೀರು ಹೀರುತ್ತದೆ, ಬಿಡುತ್ತದೆ. ಗುಹೆ ಅಷ್ಟು ಆಳವಿಲ್ಲ, ಮುಂದೆಲ್ಲ ತೆರೆದಿದೆ, ಗಾಳಿ ಬೆಳಕು ನೇರ ಬರುತ್ತದೆ. ಉಳಿದ ತುಣುಕು ಯಾವ ಜಾಗದಲ್ಲಿದೆ ನೋಡಿ. ಮಳೆ ಬೀಳದ, ಕೈಗೆ ಸಿಗದ ಸೂರಿನ ಅಡಿ.

ಈಗ ವಾರ್ನಿಷ್ ಕಥೆಗೆ ಬರೋಣ. ತಮ್ಮನಿಗೂ ಓದಿಸಿ. ಅಜಂತಾ ಆಗ ಹೈದರಾಬಾದ್ ನಿಜಾಮರ ಆಡಳಿತದಲ್ಲಿತ್ತು. ಪುರಾತತ್ವ ಇಲಾಖೆ ನೋಡಿಕೊಳ್ಳುತ್ತಿದ್ದವರು ಗುಲಾಂ ಯಜ್ದಾನಿ. ಚಿತ್ರ ಉದುರುತ್ತಿದೆ ಅಂತ 1920ರ ಹೊತ್ತಿಗೆ ಇಟಲಿಯಿಂದ ಲೊರೆಂಜೊ ಚೆಕೋನಿ ಮತ್ತು ಓರ್ಸಿನಿ ಅನ್ನುವ ಇಬ್ಬರು ನುರಿತವರನ್ನು ಕರೆಸಿದರು. ಅವರು ಸಡಿಲವಾದ ಗಿಲಾವನ್ನು ಗೋಡೆಗೆ ಕೂರಿಸಿದರು, ಅಂಚುಗಳನ್ನು ಭದ್ರ ಮಾಡಿದರು. ಆ ಕೆಲಸದಿಂದ ಎಷ್ಟೋ ಚಿತ್ರ ಬೀಳದೆ ಉಳಿಯಿತು, ಅವರನ್ನು ಬೈಯುವುದು ನ್ಯಾಯವಲ್ಲ. ಆದರೆ ಅದರ ಜೊತೆ ಚಿತ್ರದ ಮೇಲೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಳಿದರು. ನಮ್ಮ ಬಡಗಿಗಳು ಕುರ್ಚಿ, ಬಾಗಿಲಿಗೆ ಹೊಡೆಯುವ ಪಾಲಿಶ್ ಇದೆಯಲ್ಲ, ಅದೇ ಸಾಮಾನು. ಅದಕ್ಕೂ ಮುಂಚೆ, 1872ರಿಂದ ಮುಂಬೈ ಕಲಾಶಾಲೆಯ ಜಾನ್ ಗ್ರಿಫಿತ್ಸ್ ಮತ್ತು ಶಿಷ್ಯರು ನಕಲು ಬರೆಯುವಾಗಲೂ ಬಣ್ಣ ಎದ್ದು ಕಾಣಲಿ ಅಂತ ವಾರ್ನಿಷ್ ಬಳಿದಿದ್ದರು.

ಬಳಿದ ದಿನ ಬಣ್ಣ ಜಗ್ ಅಂತ ಮಿನುಗುತ್ತದೆ. ಒಣಗಿದ ಮಣ್ಣಿನ ಬಣ್ಣ ಮೇಲ್ಮೈ ಒರಟಾಗಿರುವುದರಿಂದ ಮಂಕಾಗಿ ಕಾಣುತ್ತದೆ, ವಾರ್ನಿಷ್ ಆ ತಗ್ಗು ತುಂಬಿ ನಯ ಮಾಡುತ್ತದೆ, ಅದಕ್ಕೇ ಗಾಢವಾಗುತ್ತದೆ. ಎಲ್ಲರೂ ಮೋಸ ಹೋಗುವುದು ಆ ಮೊದಲ ದಿನಕ್ಕೆ. ಕಾಲ ಹೋದ ಹಾಗೆ ಅರಗು ಹಳದಿಯಾಗಿ, ಕಂದಾಯಿತು. ಹಸಿರು, ನೀಲಿ, ಬಿಳಿ ಎಲ್ಲ ಒಂದೇ ಕಂದು ಪರದೆಯ ಹಿಂದೆ ಹೋದವು. ಧೂಳು ಅಂಟಿಕೊಂಡಿತು. ಅರಗು ಗಟ್ಟಿಯಾಗುತ್ತಾ ಕುಗ್ಗಿತು. ಕುಗ್ಗುವಾಗ ಕೆಳಗಿನ ಬಣ್ಣದ ಪದರವನ್ನೂ ಕಚ್ಚಿಕೊಂಡು ಮೇಲಕ್ಕೆ ಸುರುಳಿ ಸುತ್ತಿತು. ಒಣಗಿದ ಕೆರೆಯ ಕೆಸರು ಪಕಳೆ ಪಕಳೆಯಾಗಿ ಏಳುತ್ತದಲ್ಲ, ಹಾಗೆ. ಇನ್ನೂ ತೊಂದರೆ ಏನಂದರೆ, ಹೊಸ ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ, ಹಳೇ ಅರಗು ಸುಲಭಕ್ಕೆ ಕರಗುವುದಿಲ್ಲ. ಅದರ ಕಣಗಳು ಒಂದಕ್ಕೊಂದು ಹೆಣೆದುಕೊಂಡುಬಿಡುತ್ತವೆ. ಅದನ್ನು ತೆಗೆಯಲು ಖಾರವಾದ ದ್ರಾವಕ ಬೇಕು, ಆ ದ್ರಾವಕಕ್ಕೆ ಕೆಳಗಿನ ಅಂಟೂ ಬಗ್ಗಬಹುದು. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ರಸಾಯನ ತಜ್ಞರು ದಶಕಗಳಿಂದ ಅಂಗುಲ ಅಂಗುಲವಾಗಿ ಆ ಪರೆ ತೆಗೆಯುವ ಕೆಲಸ ಮಾಡಿದ್ದಾರೆ. ತೆಗೆದ ಕಡೆ ಒಂದೂವರೆ ಸಾವಿರ ವರ್ಷದ ಬಣ್ಣ ಹಾಗೇ ಇತ್ತು, ಮಾಸಿರಲಿಲ್ಲ.

ಅದು ಒಣ ಸೀಮೆಯ ಕಥೆ. ನಮ್ಮ ತೀರ್ಥಹಳ್ಳಿಯಲ್ಲಿ ಇನ್ನೂ ಕೆಟ್ಟದಾಗುತ್ತದೆ. ನಿಮ್ಮ ಗೋಡೆಯ ಹಿಂದಿನಿಂದ ನೀರು ಬರುತ್ತಿದೆ. ಈಗ ಅದು ಗಿಲಾವಿನ ಸಣ್ಣ ತೂತುಗಳಿಂದ ಹೇಗೋ ಹೊರಗೆ ಆರುತ್ತಿದೆ. ಮೇಲೆ ವಾರ್ನಿಷ್ ಬಳಿದರೆ ಬಾಗಿಲು ಮುಚ್ಚಿದ ಹಾಗಾಯಿತು, ನೀರು ಬರುವುದಂತೂ ನಿಲ್ಲುವುದಿಲ್ಲ. ಪರೆಯ ಹಿಂದೆ ಅದು ನಿಂತು, ತಂದ ಉಪ್ಪನ್ನು ಅಲ್ಲೇ ಬಿಟ್ಟು, ಒಂದು ದಿನ ಬಣ್ಣ ಸಮೇತ ಇಡೀ ಪರೆ ಹಾಳೆಯಂತೆ ಕಳಚಿ ಬೀಳುತ್ತದೆ. ಪೇಟೆಯಲ್ಲಿ ಸಿಗುವ ಪಾರದರ್ಶಕ ವಾಟರ್‌ಪ್ರೂಫ್ ಕೋಟಿಂಗ್, ನೀರು ಬೆರೆಸಿದ ಫೆವಿಕಾಲ್, ಇವೆಲ್ಲ ಇದೇ ಜಾತಿ.

ಚಿಕ್ಕಪ್ಪನ ಸಿಮೆಂಟ್ ವಿಷಯ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗುತ್ತದೆ. ಉದುರಿದ ಜಾಗದಲ್ಲಿ ಸಿಮೆಂಟ್ ತೇಪೆ ಹಾಕಿದರೆ ಆ ತೇಪೆಯೇನೋ ಗಟ್ಟಿ ನಿಲ್ಲುತ್ತದೆ. ಆದರೆ ಸಿಮೆಂಟಿನ ಮೂಲಕ ನೀರು ಸಲೀಸಾಗಿ ಆರುವುದಿಲ್ಲ, ಪಕ್ಕದ ಮೆತ್ತನೆ ಮಣ್ಣಿನ ಗಿಲಾವಿಗೆ ತಿರುಗುತ್ತದೆ, ಅಂದರೆ ಚಿತ್ರ ಇರುವ ಜಾಗಕ್ಕೇ. ಸಿಮೆಂಟ್ ತನ್ನದೇ ಉಪ್ಪನ್ನೂ ಬಿಡುತ್ತದೆ. ಘಟ್ಟದ ಮೇಲಿನ ಒಂದು ಹಳೇ ದೇವಸ್ಥಾನದಲ್ಲಿ ಹೀಗೇ ತೇಪೆ ಹಾಕಿದ್ದನ್ನು ನೋಡಿದೆ. ಪ್ರತಿ ತೇಪೆಯ ಸುತ್ತ ಒಂದು ಗೇಣು ಅಗಲಕ್ಕೆ ಚಿತ್ರ ಪುಡಿಯಾಗಿತ್ತು, ತೇಪೆ ಮಾತ್ರ ಕಲ್ಲಿನಂತೆ ಕೂತಿತ್ತು.

ಈಗ ನಿಮ್ಮ ಬಿಳಿ ಹತ್ತಿ. ಅದು ಉಪ್ಪಾ, ಬೂಷ್ಟಾ ಅನ್ನುವುದು ಮೊದಲು ಗೊತ್ತಾಗಬೇಕು, ಎರಡಕ್ಕೂ ದಾರಿ ಬೇರೆ. ನೆಲಕ್ಕೆ ಬಿದ್ದದ್ದನ್ನು ಮಾತ್ರ ಒಂದು ಕಾಗದಕ್ಕೆ ಎತ್ತಿಕೊಳ್ಳಿ, ಗೋಡೆ ಕೆರೆಯಬೇಡಿ. ಬೆರಳ ನಡುವೆ ತಿಕ್ಕಿದರೆ ಉಪ್ಪು ಚುರುಚುರು ಅನ್ನುತ್ತದೆ, ಒಂದು ಹನಿ ನೀರು ಹಾಕಿದರೆ ಸಾಮಾನ್ಯವಾಗಿ ಕರಗುತ್ತದೆ. ಬೂಷ್ಟು ಮೆತ್ತಗೆ ನೂಲಿನಂತಿದ್ದು ನೀರಿಗೆ ಕರಗುವುದಿಲ್ಲ, ಒದ್ದೆಯಾಗಿ ಮುದುಡುತ್ತದೆ. ಹಾಗೇ ಉದುರಿದ ಬಿಳಿ ಚೂರೊಂದನ್ನು ವಿನೆಗರ್‌ನಲ್ಲಿ ಹಾಕಿ. ಗುಳ್ಳೆ ಎದ್ದರೆ ಅದು ನಿಮ್ಮ ಸುಣ್ಣದ ಲೇಪ, ಅಂದರೆ ಚಿತ್ರದ ಪದರವೇ ಬೀಳುತ್ತಿದೆ ಅಂತ. ನೀವು ಹೇಳಿದ್ದು ನೋಡಿದರೆ, ಮಳೆ ನಿಂತ ಮೇಲೆ, ಗೋಡೆಯ ಬುಡದಲ್ಲಿ, ಪುಡಿಯ ಜೊತೆ ಬಂದಿದೆ. ನನಗೆ ಉಪ್ಪಿನ ಮೇಲೇ ಅನುಮಾನ. ಮಳೆಗಾಲದಲ್ಲಿ ನೀರಿನಲ್ಲಿ ಕರಗಿ ಗೋಡೆಯೊಳಗೆ ಬರುತ್ತದೆ, ಕಾರ್ತಿಕ ಮಾಸದ ಒಣ ಗಾಳಿಗೆ ನೀರು ಆರುತ್ತದೆ, ಉಪ್ಪು ಹರಳಾಗುತ್ತದೆ. ಹರಳು ಬೆಳೆಯಲು ಜಾಗ ಬೇಕಲ್ಲ, ಗಿಲಾವಿನ ಕಣಗಳನ್ನು ತಳ್ಳುತ್ತದೆ. ಮುಂದಿನ ಮಳೆಗೆ ಮತ್ತೆ ಕರಗಿ ಮತ್ತೆ ಹರಳು. ಪುಡಿ ಮಳೆಯ ನಡುವೆ ಬೀಳದೆ ಮುಗಿದ ಮೇಲೆ ಬೀಳುವುದು ಅದಕ್ಕೇ.

ನೀರು ಎಲ್ಲಿಂದ ಅಂತ ನೋಡಲು ಸುಲಭದ ಉಪಾಯ ಇದೆ. ಚಿತ್ರ ಇಲ್ಲದ, ಗಿಲಾವೂ ಇಲ್ಲದ ಬರೀ ಜಂಬಿಟ್ಟಿಗೆಯ ಮೇಲೆ ಒಂದು ಚದರಡಿಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕು ಅಂಚಿಗೂ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಟ್ಟು ನೋಡಿ. ಹನಿ ಹಾಳೆಯ ಒಳಗಡೆ, ಕಲ್ಲಿನ ಕಡೆ ಕಂಡರೆ ನೀರು ಗುಡ್ಡದಿಂದ ಬರುತ್ತಿದೆ. ಹೊರಗಡೆ ಕಂಡರೆ ಗಾಳಿಯ ತೇವ ತಣ್ಣಗಿನ ಗೋಡೆಗೆ ಬೆವರುತ್ತಿದೆ. ನಮ್ಮಲ್ಲಿ ಜೂನ್ ಜುಲೈನಲ್ಲಿ ಎರಡೂ ಒಟ್ಟಿಗೆ ಇರುವುದೇ ಜಾಸ್ತಿ, ಆಗ ಯಾವುದು ಮುಖ್ಯ ಅಂತ ಹೇಳಲು ಮಳೆ ನಿಂತ ಮೇಲೆ ಇನ್ನೊಮ್ಮೆ ಹಾಕಿ ನೋಡಬೇಕು.

ಗುಡ್ಡದ ನೀರಾದರೆ, ಮತ್ತು ಜಂಬಿಟ್ಟಿಗೆಯ ತೂತು ನೋಡಿದರೆ ಅದೇ ಇರಬೇಕು, ಕೆಲಸ ಗವಿಯ ಹೊರಗೆ. ಗವಿಯ ನೆತ್ತಿಯ ಮೇಲೆ ಏನಿದೆ ಹೋಗಿ ನೋಡಿ. ಇತ್ತೀಚೆಗೆ ಯಾರಾದರೂ ಮೇಲೆ ಇಂಗುಗುಂಡಿ ತೆಗೆದಿದ್ದಾರಾ, ಹೊಸ ಗಿಡ ಹಾಕಿ ಪಾತಿ ಮಾಡಿದ್ದಾರಾ, ರಸ್ತೆ ಕಡಿದು ನೀರಿನ ದಿಕ್ಕು ಬದಲಾಗಿದೆಯಾ? ಅಜ್ಜನ ಕಾಲದಲ್ಲಿ ನಿಂತಿದ್ದು ಈಚೆಗೆ ಉದುರತೊಡಗಿದೆ ಅಂದರೆ ಏನೋ ಒಂದು ಬದಲಾಗಿದೆ. ಗವಿಯ ಹಿಂದೆ ಒಂದಷ್ಟು ದೂರದಲ್ಲಿ ಅಡ್ಡಲಾಗಿ ಬಸಿಗಾಲುವೆ ತೋಡಿ ನೀರನ್ನು ಎರಡೂ ಬದಿಗೆ ತಿರುಗಿಸಿ. ತೀರಾ ಹತ್ತಿರ ತೋಡಬೇಡಿ, ಅದೇ ನೀರು ಇಂಗಿಸುವ ಗುಂಡಿಯಾಗುತ್ತದೆ. ಬಾಗಿಲ ಎದುರು ಇರಚಲು ತಡೆಯಲು ಹುಲ್ಲಿನದೋ ಅಡಿಕೆ ಸೋಗೆಯದೋ ಸಣ್ಣ ಮಾಡು ಸಾಕು. ಗವಿಯನ್ನು ಬೇಗ ಒಣಗಿಸೋಣ ಅಂತ ಫ್ಯಾನ್, ಹೀಟರ್, ದೊಡ್ಡ ಬಲ್ಬು ಇಡಬೇಡಿ. ಬೇಗ ಒಣಗಿದಷ್ಟೂ ಉಪ್ಪು ಒಳಗೇ ಹರಳಾಗಿ ಜಾಸ್ತಿ ಒಡೆಯುತ್ತದೆ. ಕಾಲುವೆಯ ಫಲ ಒಂದೇ ವರ್ಷಕ್ಕೆ ಕಾಣುವುದೂ ಇಲ್ಲ, ಗೋಡೆಯಲ್ಲಿ ಆಗಲೇ ಇರುವ ಉಪ್ಪು ಇನ್ನೂ ಒಂದೆರಡು ಮಳೆಗಾಲ ಆಟ ಆಡುತ್ತದೆ. ಆಗ ಧೈರ್ಯಗೆಟ್ಟು ಮತ್ತೆ ವಾರ್ನಿಷ್ ಡಬ್ಬಿ ಇಳಿಸಬೇಡಿ.

ದೀಪ, ಊದುಬತ್ತಿ, ಕರ್ಪೂರ ಚಿತ್ರದ ಗೋಡೆಯಿಂದ ದೂರ ಇರಲಿ. ದೇವರಿಗೆ ಅಭಿಷೇಕ ಮಾಡುತ್ತೀರಾದರೆ ನೀರು ಗೋಡೆಯ ಬುಡಕ್ಕೆ ಹೋಗದ ಹಾಗೆ ಸಣ್ಣ ಕಾಲುವೆ ಇರಲಿ. ಬಾವಲಿ ಇದ್ದರೆ ಹೊಡೆದು ಓಡಿಸಬೇಡಿ, ಅವು ಇಲ್ಲದ ಹೊತ್ತು ನೋಡಿ ಬಾಗಿಲಿಗೆ ಬಲೆ ಕಟ್ಟಿ. ಅವುಗಳ ಹಿಕ್ಕೆ, ಮೂತ್ರವೂ ಉಪ್ಪಿನ ಗಣಿಯೇ.

ಗೋಡೆಯಿಂದ ಬಿಟ್ಟುಕೊಂಡ ಗಿಲಾವನ್ನು ಮತ್ತೆ ಕೂರಿಸುವುದು ಮಾತ್ರ ನೀವು ಮಾಡುವ ಕೆಲಸವಲ್ಲ. ಟಾರ್ಚನ್ನು ಗೋಡೆಗೆ ತಾಗದ ಹಾಗೆ ಪಕ್ಕದಲ್ಲಿ ಹಿಡಿದು ಅಡ್ಡಡ್ಡ ಬೆಳಕು ಬಿಟ್ಟರೆ ಎಲ್ಲಿ ಉಬ್ಬಿದೆ ಅಂತ ನೆರಳಲ್ಲಿ ಗೊತ್ತಾಗುತ್ತದೆ. ಆ ಉಬ್ಬಿನ ಹಿಂದೆ ತೆಳ್ಳಗಿನ ಸುಣ್ಣದ ಗಾರೆಯನ್ನು ಸಿರಿಂಜಿನಲ್ಲಿ ಇಳಿಸಿ, ಮೆಲ್ಲಗೆ ಒತ್ತಿ ಹಿಡಿದು ಕೂರಿಸುತ್ತಾರೆ. ನೀರು ಜಾಸ್ತಿಯಾದರೆ ಮಣ್ಣು ಕರಗಿ ಜಾರುತ್ತದೆ, ಭಾರ ಜಾಸ್ತಿಯಾದರೆ ಇಡೀ ಉಬ್ಬು ಕಿತ್ತು ಬರುತ್ತದೆ. ಕೈ ಪಳಗಿದವರೇ ಬೇಕು. ಶಿವಮೊಗ್ಗದ ಶಿವಪ್ಪ ನಾಯಕನ ಅರಮನೆಯಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯ ಇದೆಯಲ್ಲ, ಅಲ್ಲಿಗೆ ಫೋಟೋ ಹಿಡಿದುಕೊಂಡು ಹೋಗಿ ಪುರಾತತ್ವ ಇಲಾಖೆಗೆ ತಿಳಿಸಿ. ಇಲಾಖೆಯವರು ಬಂದರೆ ಜಾಗ ಹೋಗುತ್ತದೆ ಅಂತ ಹೆದರುವವರಿದ್ದಾರೆ. ಆದರೆ ಚಿತ್ರದ ಕಾಲ ಏನು ಅಂತ ಯಾರಾದರೂ ನೋಡಿ ಹೇಳದೆ ಮುಂದಿನದು ಯೋಚಿಸುವುದೇ ಕಷ್ಟ. ಅಜ್ಜನ ಕಾಲದ್ದೂ ಇರಬಹುದು, ಕೆಳದಿ ಅರಸರ ಕಾಲದ್ದೂ ಇರಬಹುದು, ಬರೀ ಪತ್ರ ನೋಡಿ ನಾನು ಹೇಳಲಾರೆ.

ಮಗಳು ಹಳೆಯದರ ಮೇಲೆ ತಿದ್ದುವುದು ಬೇಡ, ಒಂದು ಗೆರೆಯನ್ನೂ ಬೇಡ. ಅವಳು ಬರೆಯಲಿ, ಆದರೆ ಮನೆಯ ಒಳಗೋಡೆಯಲ್ಲೋ ಹಲಗೆಯ ಮೇಲೋ. ಅಜಂತಾ ಕ್ರಮವನ್ನೇ ಮಾಡುತ್ತೇನೆ ಅಂದರೆ ಬೇಸಿಗೆಯಲ್ಲಿ ಶುರು ಮಾಡಲಿ. ಜರಡಿ ಹಿಡಿದ ಮಣ್ಣು ಒಂದು ಪಾಲು, ಮರಳು ಎರಡರಿಂದ ಮೂರು ಪಾಲು, ಹೊಟ್ಟು ಮತ್ತು ಕತ್ತರಿಸಿದ ಹುಲ್ಲು ಕೈತುಂಬ. ನಿಮ್ಮ ಮಣ್ಣು ಎಷ್ಟು ಜಿಗುಟು ಅನ್ನುವುದರ ಮೇಲೆ ಲೆಕ್ಕ ಬದಲಾಗುತ್ತದೆ, ಮೊದಲು ಅಂಗೈ ಅಗಲದ ಬಿಲ್ಲೆಗಳನ್ನು ಮಾಡಿ ಒಣಗಿಸಲಿ. ಬಿರಿದರೆ ಮರಳು ಕಮ್ಮಿ, ಉಜ್ಜಿದಾಗ ಉದುರಿದರೆ ಮರಳು ಜಾಸ್ತಿ. ಕೆಮ್ಮಣ್ಣನ್ನು ನೀರಿನಲ್ಲಿ ಕದಡಿ, ಒರಟು ಕಣ ತಳಕ್ಕೆ ಕೂರುವಷ್ಟು ಹೊತ್ತು ಬಿಟ್ಟು, ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಬೇಕು. ಆ ನೀರನ್ನು ರಾತ್ರಿಯಿಡೀ ಬಿಟ್ಟರೆ ತಳದಲ್ಲಿ ಬೆಣ್ಣೆಯಂಥ ಬಣ್ಣ ಸಿಗುತ್ತದೆ, ಎರಡು ಮೂರು ಸಲ ಮಾಡಿದರೆ ಇನ್ನೂ ನಯ. ಜಾಲಿ ಅಂಟನ್ನು ತೀರಾ ತೆಳ್ಳಗೆ ಬೆರೆಸಲಿ. ಒಣಗಿದ ಬಣ್ಣ ಬೆರಳಿಗೆ ಧಾರಾಳ ಬಂದರೆ ಅಂಟು ಸಾಲದು, ಹೊಳಪು ಬಂದು ಅಂಚು ಮೇಲೆದ್ದರೆ ಅಂಟು ಜಾಸ್ತಿ. ಎಲ್ಲರೂ ಮಾಡುವುದು ಎರಡನೇ ತಪ್ಪನ್ನು.

ಸಾಗರ ಕಡೆ ದೀವರ ಮನೆಗಳಲ್ಲಿ ಹಸೆ ಚಿತ್ತಾರ ನೋಡಿದ್ದಾಳಾ? ಕೆಮ್ಮಣ್ಣು ಸಾರಿಸಿದ ಗೋಡೆಗೆ ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಮದುವೆ ಬಂದಾಗ ಹೊಸದಾಗಿ ಬರೆಯುವ ಚಿತ್ರ ಅದು, ನಮ್ಮ ಮಳೆಗೆ ಸರಿಹೊಂದಿದ ಲೆಕ್ಕಾಚಾರ. ಮಲೆನಾಡಿನಲ್ಲಿ ಅಂಟಿನ ಚಿತ್ರಕ್ಕೆ ಮೂರನೇ ಮಳೆಗಾಲದ ಹೊತ್ತಿಗೆ ಬೂಷ್ಟು ಬರುತ್ತದೆ ಅಂತ ಈಗಲೇ ಹೇಳಿಬಿಡುತ್ತೇನೆ. ಬಾಳಿಕೆ ಬರಬೇಕು ಅಂದರೆ ಉತ್ತರ ಕನ್ನಡ, ಗೋವಾ ಕಡೆಯ ಹಳೇ ದೇವಸ್ಥಾನಗಳ ಕಾವಿ ಕಲೆ ನೋಡಲಿ. ಬಿಳಿ ಸುಣ್ಣದ ಗಾರೆಯ ಮೇಲೆ ಕೆಂಪು ಬಣ್ಣದ ಪದರ ಕೊಟ್ಟು, ಹಸಿ ಇರುವಾಗಲೇ ಕೊರೆದು ಬಿಳಿ ಕಾಣಿಸುತ್ತಾರೆ. ಕೆಂಪನ್ನು ಅಲ್ಲಿ ಸುಣ್ಣವೇ ಹಿಡಿದಿದೆ. ಸಮುದ್ರದ ಗಾಳಿ, ಆ ಮಳೆ, ಎರಡನ್ನೂ ಹೊರಗೋಡೆಯಲ್ಲಿ ತಡೆದು ನಿಂತಿದೆ.

ಹಾಂ, ಎಲ್ಲೋರಾದ ಗಿಲಾವಿನಲ್ಲಿ ಗಾಂಜಾ ಗಿಡದ ನಾರು ಇದೆ, ಹುಳ ಬರದೆ ಉಳಿದದ್ದು ಅದಕ್ಕೇ ಅಂತ 2016ರಲ್ಲಿ ಬಂದ ಅಧ್ಯಯನವೊಂದನ್ನು ಯಾರಾದರೂ ನಿಮಗೆ ಕಳಿಸಿಯೇ ಕಳಿಸುತ್ತಾರೆ. ಅಧ್ಯಯನ ಬಂದದ್ದು ನಿಜ, ನಾರು ಸಿಕ್ಕಿದ್ದೂ ನಿಜ. ಆದರೆ ಗಿಲಾವಿಗೆ ಬೇಕು ಅಂತ ತೋಟದಲ್ಲಿ ಬೆಳೆದರೆ ತೀರ್ಥಹಳ್ಳಿ ಪೊಲೀಸರು ನಂಬುವುದಿಲ್ಲ. ಹುಲ್ಲು, ಹೊಟ್ಟು ಸಾಕು.

ಇವತ್ತೇ ಮಾಡಬೇಕಾದ್ದು ಒಂದಿದೆ. ಇಡೀ ಗೋಡೆಯ ಫೋಟೋ ತೆಗೆಯಿರಿ, ಒಂದೊಂದು ಮೊಳ ಜಾಗಕ್ಕೆ ಒಂದರಂತೆ, ಪಕ್ಕದಲ್ಲಿ ಒಂದು ಸ್ಕೇಲ್ ಹಿಡಿದು, ಒಮ್ಮೆ ನೇರ ಬೆಳಕಲ್ಲಿ, ಒಮ್ಮೆ ಅಡ್ಡ ಬೆಳಕಲ್ಲಿ. ಹಿಂದೆ ತಾರೀಕು ಬರೆದಿಡಿ. ಗೋಡೆಯ ಬುಡಕ್ಕೆ ಒಂದು ಬಿಳಿ ಬಟ್ಟೆ ಹಾಸಿ, ಬಿದ್ದ ಪುಡಿಯನ್ನು ತಿಂಗಳಿಗೊಮ್ಮೆ ಪೊಟ್ಟಣ ಕಟ್ಟಿ ತಿಂಗಳ ಹೆಸರು ಬರೆಯಿರಿ. ಬಣ್ಣ ಇರುವ ಚೂರು ಸಿಕ್ಕಿದರೆ ಬಿಸಾಡಬೇಡಿ, ಅದರ ಅಂಚಿನಲ್ಲೇ ಪದರಗಳೆಲ್ಲ ಕಾಣುತ್ತವೆ, ಗೋಡೆ ಮುಟ್ಟದೆ ಪರೀಕ್ಷೆ ಮಾಡಲು ಬರುವವರಿಗೆ ಮೊದಲು ಬೇಕಾಗುವುದು ಅದೇ.